ಹಳೆ ಕಾರು ಕೊಳ್ಳುವ ಮೊದಲು ಅದರ ಸಾಲ ತೀರಿದೆಯೇ ನೋಡಿ

ಕಾಫಿ, ಅಡಿಕೆ ಮಾರಿದ ಹಣ ಕೈಸೇರುವ ಕಾಲದಲ್ಲಿ ನಮ್ಮ ಸದಸ್ಯರಲ್ಲಿ ಹಲವರು ಹಳೆ ಕಾರಿಗೋ ಜೀಪಿಗೋ ಬೆಂಗಳೂರಿನ ಕಡೆ ಹೋಗಿಬರುತ್ತಾರೆ. ಇಂಜಿನ್ನಿನ ಸದ್ದು ಕೇಳಲು ಪರಿಚಯದ ಮೆಕ್ಯಾನಿಕ್ ಜೊತೆಗಿರುತ್ತಾನೆ; ಕಾಗದಪತ್ರ ನೋಡಲು ಯಾರೂ ಇರುವುದಿಲ್ಲ. ಜಮೀನು ಕೊಳ್ಳುವಾಗ ಪಹಣಿಯಲ್ಲಿ ಋಣದ ಕಲಂ ನೋಡದೆ ಒಂದು ರೂಪಾಯಿ ಮುಂಗಡ ಕೊಡದ ನಾವು, ಕಾರಿನ ಆರ್.ಸಿ.ಯಲ್ಲೂ ಅಂಥದೇ ಒಂದು ಕಲಂ ಇದೆಯೆಂಬುದನ್ನು ಮರೆಯುತ್ತೇವೆ.

ಸಾಲದಿಂದ ಕೊಂಡ ಕಾರಿನ ಆರ್.ಸಿ.ಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರು ನಮೂದಾಗಿರುತ್ತದೆ. ಇದೇ ಹೈಪೋಥಿಕೇಷನ್. 1988ರ ಮೋಟಾರು ವಾಹನ ಕಾಯಿದೆಯ 51ನೇ ಕಲಮಿನ ಪ್ರಕಾರ ಈ ನಮೂದು ಇರುವ ತನಕ ಸಾಲ ಕೊಟ್ಟವರ ಒಪ್ಪಿಗೆಯಿಲ್ಲದೆ ಕಾರು ಮತ್ತೊಬ್ಬರ ಹೆಸರಿಗೆ ಆಗುವುದಿಲ್ಲ. "ಸಾಲ ಎಂದೋ ತೀರಿದೆ ಸ್ವಾಮಿ" ಎಂದು ಮಾರುವವರು ಹೇಳುವುದು ನಿಜವೇ ಇರಬಹುದು. ಆದರೆ ಕಂತು ಮುಗಿದ ಮಾತ್ರಕ್ಕೆ ನಮೂದು ತಾನಾಗಿ ಅಳಿಯುವುದಿಲ್ಲ. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಬ್ಯಾಂಕಿನವರೂ ಮಾಲೀಕರೂ ಸಹಿ ಮಾಡಿದ ಫಾರಂ 35, ಇವೆರಡೂ ಆರ್.ಟಿ.ಓ. ಕಚೇರಿಗೆ ಸೇರಬೇಕು. ಆ ಪತ್ರದಲ್ಲಿ ಅವಧಿ ಬರೆದಿದ್ದರೆ ಅದನ್ನೂ ನೋಡಿಕೊಳ್ಳಿ. ಅವಧಿ ಮೀರಿದ್ದರೆ ಮತ್ತೆ ಬ್ಯಾಂಕಿನ ಬಾಗಿಲಿಗೇ ಹೋಗಬೇಕಾದೀತು.

ಸಾಲ ಇನ್ನೂ ಬಾಕಿ ಇರುವ ಕಾರನ್ನು ಕೊಳ್ಳಲೇಬಾರದೆಂದು ನಾವು ಹೇಳುವುದಿಲ್ಲ. ಹಣ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದು ಮುಖ್ಯ. ಉದಾಹರಣೆಗೆ, ಕಾರಿನ ಬೆಲೆ 4,50,000 ರೂಪಾಯಿ, ಸಾಲದ ಬಾಕಿ 1,38,000 ಎಂದಿಟ್ಟುಕೊಳ್ಳಿ. ರಸೀತಿ ಪಡೆದು 10,000 ಮುಂಗಡ ಕೊಡಿ. ಆಮೇಲೆ ಮಾರುವವರೊಡನೆ ನೀವೇ ಬ್ಯಾಂಕಿಗೆ ಹೋಗಿ, ಇಂಥ ದಿನಾಂಕದವರೆಗೆ ಇಷ್ಟು ಕಟ್ಟಿದರೆ ಸಾಲ ಮುಕ್ತಾಯವೆಂಬ ಲೆಕ್ಕಪತ್ರವನ್ನು ಬರವಣಿಗೆಯಲ್ಲಿ ಪಡೆಯಿರಿ. ಅಲ್ಲಿ ಇನ್ನೊಂದು ಪ್ರಶ್ನೆ ಕೇಳುವುದನ್ನು ಬಿಡಬೇಡಿ: ಇದೇ ಮನುಷ್ಯರಿಗೆ ಇದೇ ಬ್ಯಾಂಕಿನಲ್ಲಿ ಬೇರೆ ಸಾಲವೋ ಕ್ರೆಡಿಟ್ ಕಾರ್ಡಿನ ಬಾಕಿಯೋ ಇದೆಯೇ? ಇದ್ದರೆ ಕಾರಿನ ಸಾಲ ಪೂರ್ತಿ ತೀರಿದರೂ ಬ್ಯಾಂಕಿನವರು ನಿರಾಕ್ಷೇಪಣಾ ಪತ್ರವನ್ನು ತಡೆಹಿಡಿಯುವುದುಂಟು. ಹಣ ಕಟ್ಟಿದವರು ಆಗ ನಡುನೀರಿನಲ್ಲಿ ನಿಲ್ಲುತ್ತಾರೆ.

ಇದು ಇತ್ಯರ್ಥವಾದ ಮೇಲೆ, ಷರತ್ತುಗಳನ್ನೆಲ್ಲ ಛಾಪಾ ಕಾಗದದಲ್ಲಿ ಬರೆಸಿ, 1,38,000ವನ್ನು ಮಾರುವವರ ಕೈಗೆ ಕೊಡದೆ ನೇರವಾಗಿ ಸಾಲದ ಖಾತೆಗೆ ಕಟ್ಟಿ. ಪತ್ರ, ಫಾರಂ 35, ಮಾರುವವರು ಸಹಿ ಮಾಡಿದ ಫಾರಂ 29 ಮತ್ತು 30 ಕೈಗೆ ಬಂದ ದಿನ 2,52,000 ಕೊಡಿ. ಉಳಿದ 50,000 ಆರ್.ಸಿ. ನಿಮ್ಮ ಹೆಸರಿಗೆ ಆದ ಮೇಲೆ. ದಲ್ಲಾಳಿಗಳು ಇದನ್ನು ಒಪ್ಪುವುದು ಕಷ್ಟ. ಒಪ್ಪದಿದ್ದರೆ ಬೇರೆ ಕಾರು ನೋಡಿ ಎಂಬುದೇ ನಮ್ಮ ಅಭಿಪ್ರಾಯ.

ಮಾಲೀಕತ್ವದ ವಿಷಯದಲ್ಲಿ ಮೊದಲು ನೋಡಬೇಕಾದದ್ದು, ಮಾರುತ್ತಿರುವವರೇ ಆರ್.ಸಿ.ಯಲ್ಲಿರುವವರೇ ಎಂಬುದು. ಚಾಸಿ ಮತ್ತು ಇಂಜಿನ್ ನಂಬರುಗಳನ್ನು ಗಾಡಿಯ ಮೇಲೆಯೇ ಓದಿ ಆರ್.ಸಿ.ಯೊಡನೆ ಹೋಲಿಸಿ. ತೀರಿಕೊಂಡ ತಂದೆಯವರ ಹೆಸರಿನಲ್ಲೇ ಇರುವ ಕಾರನ್ನು ಮಗ ಮಾರಲು ಬಂದರೆ, ಮೊದಲು ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಂಡು ಬನ್ನಿ ಎನ್ನಲು ಸಂಕೋಚ ಬೇಡ. ಸಹಿ ಮಾಡಿದ ಖಾಲಿ ಫಾರಮುಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಗಾಡಿ ಓಡಿಸುವ ಅಭ್ಯಾಸ ನಮ್ಮ ಕಡೆ ಇದೆ. ಅದು ಮಾಲೀಕತ್ವವಲ್ಲ. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ.

ಇನ್ನು ದಂಡದ ಬಾಕಿ. ಕ್ಯಾಮೆರಾ ಹಾಕುವ ದಂಡ ಗಾಡಿಯ ನಂಬರಿನ ಮೇಲೆ ಕೂರುತ್ತದೆ. ಸಿಗ್ನಲ್ ಹಾರಿದವರು ಯಾರೇ ಆಗಿರಲಿ, ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿದಾಗ ಉತ್ತರ ಕೊಡಬೇಕಾದವರು ಸ್ಟೀರಿಂಗ್ ಹಿಡಿದವರು. ಮನೆಯಲ್ಲಿ ಓದುವ ಮಕ್ಕಳಿದ್ದರೆ echallan.parivahan.gov.in ನಲ್ಲಿ ನಂಬರು ಹಾಕಿ ನೋಡಲು ಹೇಳಿ. ಬೆಂಗಳೂರಿನಲ್ಲಿ ಓಡಿದ ಗಾಡಿಯಾದರೆ ಅಲ್ಲಿಯ ಸಂಚಾರ ಪೊಲೀಸರ ದಾಖಲೆಯನ್ನೂ ಪ್ರತ್ಯೇಕವಾಗಿ ನೋಡಿಸಿ. ಒಂದು ಕಡೆ ಏನೂ ಇಲ್ಲವೆಂದು ಸುಮ್ಮನಾಗಬೇಡಿ. 2023ರ ಫೆಬ್ರವರಿಯಲ್ಲಿ ಸರ್ಕಾರ ಹಳೆಯ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಿತು, 2025ರಲ್ಲಿ ಮತ್ತೆ ಕೊಟ್ಟಿತು. ಇದರಿಂದಾಗಿ "ಮುಂದಿನ ರಿಯಾಯಿತಿಯಲ್ಲಿ ಕಟ್ಟೋಣ ಬಿಡಿ" ಎನ್ನುವ ಮಾರಾಟಗಾರರು ಹುಟ್ಟಿಕೊಂಡಿದ್ದಾರೆ. ಬಾಕಿ ಇದ್ದರೆ ಅಷ್ಟು ಹಣವನ್ನು ಬೆಲೆಯಲ್ಲೇ ಮುರಿದುಕೊಳ್ಳಿ.

ಮಾಡಿದ ತಪ್ಪಿನ ದಂಡ ದಾಖಲೆಗೆ ಏರಲು ಕೆಲವು ದಿನ ಹಿಡಿಯಬಹುದು. ಆದ್ದರಿಂದ ಹಣ ಕೊಡುವ ದಿನ ಮತ್ತೊಮ್ಮೆ ನೋಡಿ, ಗಾಡಿ ಒಪ್ಪಿಸಿದ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಸಿ, ಅದಕ್ಕೆ ಹಿಂದಿನ ದಂಡವೆಲ್ಲ ಮಾರಿದವರದೆಂದು ಇಬ್ಬರೂ ಸಹಿ ಹಾಕಿ. ತಡೆಹಿಡಿದ 50,000 ರೂಪಾಯಿ ಈ ಲೆಕ್ಕಕ್ಕೂ ಆಗುತ್ತದೆ.