ಅಕ್ಕನ ನಂಬರ್ ಹಾರಿಹೋದ ಸಂಜೆ

ಕೆಲವು ವರ್ಷಗಳ ಹಿಂದಿನ ಮಾತು. ಟೆಕ್ಸಸ್‌ನಲ್ಲಿರೋ ನಮ್ಮ ಅಕ್ಕ ಒಂದು ಶುಕ್ರವಾರ ಸಂಜೆ ಸಾರಿಗೆ ಒಗ್ಗರಣೆ ಹಾಕ್ತಿದ್ದಳು. ಫೋನಿನ ಮೂಲೆಯಲ್ಲಿ ಸಿಗ್ನಲ್ ಕಡ್ಡಿಗಳ ಜಾಗದಲ್ಲಿ SOS ಅಂತ ಕಾಣಿಸಿತು. ಟವರ್ ಕೆಟ್ಟಿರಬೇಕು ಅಂದುಕೊಂಡು ಸುಮ್ಮನಾದಳು. ಮನೆಯ ವೈಫೈ ಇತ್ತಲ್ಲ, ವಾಟ್ಸಾಪ್ ನಡೀತಾನೇ ಇತ್ತು. ಊಟ ಮುಗಿಸಿ ಈಮೇಲ್ ನೋಡಿದರೆ, 'ನಿಮ್ಮ ಪಾಸ್‌ವರ್ಡ್ ಬದಲಾಗಿದೆ' ಅಂತ ಬ್ಯಾಂಕಿನ ಪತ್ರ! ಭಾವ ತಮ್ಮ ಫೋನಿನಿಂದ ಅವಳ ನಂಬರಿಗೆ ಕರೆ ಮಾಡಿದರು. ರಿಂಗ್ ಆಯಿತು, ಆದರೆ ಅಕ್ಕನ ಕೈಯಲ್ಲಿದ್ದ ಫೋನ್ ಸದ್ದೇ ಮಾಡಲಿಲ್ಲ.

ಯಾರೋ ಅವಳ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿಕೊಂಡಿದ್ದರು. ಬ್ಯಾಂಕಿನ ಓಟಿಪಿ ಎಲ್ಲಾ ಕಳ್ಳನ ಫೋನಿಗೆ ಹೋಗ್ತಿತ್ತು.

ಅಮೆರಿಕದಲ್ಲಿ ಪೋರ್ಟ್ ಮಾಡೋಕೆ ಹಳೇ ಕಂಪನಿಗೆ ಹೋಗಬೇಕಿಲ್ಲ. ಹೊಸ ಕಂಪನಿಗೆ ನಂಬರ್, ಹಳೇ ಖಾತೆ ಸಂಖ್ಯೆ, ಪಿನ್ ಕೊಟ್ಟರೆ ಅವರೇ ಎಳೆದುಕೊಳ್ಳುತ್ತಾರೆ. ಮೊಬೈಲ್ ನಂಬರಾದರೆ ಕೆಲವೇ ಗಂಟೆ ಸಾಕು. ಖಾತೆ ಸಂಖ್ಯೆ ಬಿಲ್ಲಿನ ಮೇಲೇ ಇರುತ್ತೆ. ಉಳಿದದ್ದು ಪಿನ್ ಒಂದೇ. ಅಕ್ಕನ ಪಿನ್ ಏನು ಗೊತ್ತಾ? ಮದುವೆಯಾದ ವರ್ಷ. ಫೇಸ್‌ಬುಕ್‌ನಲ್ಲಿ ಪ್ರತಿ ವರ್ಷ ವಾರ್ಷಿಕೋತ್ಸವದ ಫೋಟೋ ಹಾಕೋಳು ಅವಳೇ!

ಪುಣ್ಯಕ್ಕೆ ಭಾವ ತಡ ಮಾಡಲಿಲ್ಲ. ಮೊದಲು ಬ್ಯಾಂಕಿಗೆ ಕರೆ ಮಾಡಿ ಖಾತೆ ನಿಲ್ಲಿಸಿದರು. ಆಮೇಲೆ ಹಳೇ ಕಂಪನಿಯ ವಂಚನೆ ವಿಭಾಗಕ್ಕೆ, 'ನಾವು ಕೇಳದೆ ನಂಬರ್ ಪೋರ್ಟ್ ಆಗಿದೆ, ವಾಪಸ್ ತನ್ನಿ' ಅಂದರು. ದುಡ್ಡು ಉಳೀತು. ನಂಬರ್ ಬರೋಕೆ ಮಾತ್ರ ನಾಲ್ಕು ದಿನ ಹಿಡೀತು.

ಆ ಭಾನುವಾರವೇ ನಾನು ನಮ್ಮ ನ್ಯೂಜೆರ್ಸಿ ಮನೆಯ ನಾಲ್ಕೂ ಫೋನ್ ಮೇಜಿನ ಮೇಲೆ ಇಟ್ಕೊಂಡು ಕೂತೆ. ಫ್ಯಾಮಿಲಿ ಪ್ಲಾನ್ ಯಜಮಾನರ ಹೆಸರಲ್ಲಿ. ಪಿನ್ ಬದಲಿಸೋಕೆ ಖಾತೆದಾರರ ಲಾಗಿನ್ನೇ ಬೇಕು, ಹಾಗಾಗಿ ಅವರನ್ನೂ ಪಕ್ಕದಲ್ಲಿ ಕೂರಿಸಿದೆ. ಕಂಪನಿಯ ಆ್ಯಪ್‌ನಲ್ಲಿ ಭದ್ರತೆಯ ಪುಟ ತೆರೆದು ಆರಂಕಿಯ ಹೊಸ ಪಿನ್ ಹಾಕಿದೆವು. ಹುಟ್ಟಿದ ದಿನ ಬೇಡ, ಮನೆ ನಂಬರ್ ಬೇಡ, ಎಟಿಎಂ ಪಿನ್ನಂತೂ ಬೇಡವೇ ಬೇಡ. ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಡಬ್ಬಿಯಲ್ಲಿ ಇಟ್ಟೆ. ಅತ್ತೆಯವರ ಫೋನ್ ಬೇರೆ ಪ್ರೀಪೇಡ್ ಕಂಪನಿಯದು. ಅದರ ಪಿನ್ ಅವರ ನಂಬರಿನ ಕೊನೆಯ ನಾಲ್ಕಂಕಿಯೇ ಆಗಿತ್ತು! ಅದನ್ನೂ ಬದಲಿಸಿದೆವು.

ಈಗ ವೆರಿಜಾನ್, ಎಟಿ ಅಂಡ್ ಟಿಯಂಥ ದೊಡ್ಡ ಕಂಪನಿಗಳಲ್ಲಿ ಪೋರ್ಟ್ ಮಾಡೋಕೆ ಖಾತೆಯ ಪಿನ್ ಸಾಲದು. Number Transfer PIN ಅಂತ ಬೇರೆಯೇ ತೆಗೀಬೇಕು. ಅದು ಕೆಲವೇ ದಿನ ನಡೆಯುತ್ತೆ. ಆದರೆ ಅದನ್ನು ತೆಗೆಯೋದು ಆ್ಯಪ್‌ನಿಂದಲೇ ಅಲ್ವಾ? ಲಾಗಿನ್ ಸಿಕ್ಕಿದವನಿಗೆ ಅದೂ ಸಿಗುತ್ತೆ. ಅದಕ್ಕೇ ಬೀಗವೂ ಬೇಕು. ವೆರಿಜಾನ್‌ನಲ್ಲಿ ಅದರ ಹೆಸರು Number Lock. ಬೀಗ ತೆಗೆಯೋವರೆಗೂ ಆ ಪಿನ್ ಹುಟ್ಟೋದೇ ಇಲ್ಲ. ಇಂಥ ಬೀಗವನ್ನು ಗ್ರಾಹಕರಿಗೆ ಪುಕ್ಕಟೆ ಕೊಡಬೇಕು ಅಂತ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ 2023ರ ನವೆಂಬರ್‌ನಲ್ಲಿ ನಿಯಮ ಮಾಡಿತು. ನೆನಪಿಡಿ, ಮನೆಯಲ್ಲಿ ನಾಲ್ಕು ನಂಬರಿದ್ದರೆ ನಾಲ್ಕಕ್ಕೂ ಬೀಗ ಬಿದ್ದಿದೆಯಾ ಅಂತ ಒಂದೊಂದಾಗಿ ನೋಡಿ.

ಹಾಗಂತ ಪಿನ್ ಎಲ್ಲವನ್ನೂ ತಡೆಯಲ್ಲ. ಅದೇ ಕಂಪನಿಯೊಳಗೆ ನಿಮ್ಮ ನಂಬರನ್ನು ಇನ್ನೊಂದು ಸಿಮ್‌ಗೆ ಹಾಕಿಸೋ ಮೋಸಕ್ಕೆ ಬೇರೆ ಬೀಗವಿದ್ದರೆ ಅದನ್ನೂ ಹಾಕಿ. 'ಕಂಪನಿಯಿಂದ ಮಾತಾಡ್ತಿದೀವಿ, ಪಿನ್ ಹೇಳಿ' ಅಂತ ಯಾರಾದರೂ ಕರೆ ಮಾಡಿದರೆ ಫೋನ್ ಇಟ್ಟುಬಿಡಿ. ಅಕ್ಕ ಈಗ ಈಮೇಲ್‌ಗೆ ಮೆಸೇಜ್ ಓಟಿಪಿ ಬಿಟ್ಟು ಅಥೆಂಟಿಕೇಟರ್ ಆ್ಯಪ್ ಬಳಸ್ತಾಳೆ. ನಂಬರ್ ಹೋದರೂ ಈಮೇಲ್ ಉಳಿಯುತ್ತೆ.

ಊರಲ್ಲಿರೋ ಅಮ್ಮ ಕೇಳಿದರು, "ನಾನೂ ಪಿನ್ ಹಾಕಿಸ್ಲೇನೇ?" ನಮ್ಮ ದೇಶದ ಪದ್ಧತಿ ಬೇರೆ ಅಮ್ಮಾ, ಅಂದೆ. ಅಲ್ಲಿ ನಿಮ್ಮ ಫೋನಿನಿಂದಲೇ 1900ಕ್ಕೆ PORT ಅಂತ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿದ ಮೆಸೇಜ್ ಹೋದರೆ ಯುಪಿಸಿ ಅನ್ನೋ ಕೋಡ್ ನಿಮ್ಮ ಫೋನಿಗೇ ಬರುತ್ತೆ. ಮುಂಚೆಯೇ ಹಾಕಿಡೋ ಪಿನ್ ಇಲ್ಲ. ಕೇಳದೆ ಆ ಕೋಡ್ ಬಂದರೆ ಯಾರಿಗೂ ಹೇಳಬೇಡಿ, ಅಷ್ಟೇ.

ಮಕ್ಕಳು ಅಮೆರಿಕದಲ್ಲಿದ್ದಾರಾ? ಈ ಭಾನುವಾರದ ವಿಡಿಯೋ ಕಾಲ್‌ನಲ್ಲಿ, 'ಊಟ ಆಯ್ತಾ' ಆದಮೇಲೆ ಒಂದು ಮಾತು ಕೇಳಿ: "ನಂಬರಿಗೆ ಬೀಗ ಹಾಕಿದೀಯೇನೋ?"