ಮೆಶಿನ್ ಫಾಸ್ಟ್ ಇದೆ ಬಿಡಪ್ಪ!

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೋಡಲ್ಲಿ ಲೂಪ್ ಒಳಗೊಂದು ಲೂಪ್ ಕಂಡು "ಇದು ಯಾಕೆ ಹೀಗಿದೆ?" ಅಂತ ಕೇಳಿದ್ರೆ ಸಾಕು, ಎದುರಿಗಿರೋರು ಕುರ್ಚಿಗೆ ಒರಗಿಕೊಂಡು "ಈಗಿನ ಮೆಶಿನ್ ಫಾಸ್ಟ್ ಇದೆ ಬಿಡಪ್ಪ" ಅಂತಾರೆ. ಅಲ್ಲಿಗೆ ಚರ್ಚೆ ಮುಗೀತು. ನಾನೂ ಒಂದು ಸಲ ಹಾಗೇ ಅಂದಿದ್ದೆ. ಅದಕ್ಕೆ ದಂಡ ಕಟ್ಟಿದ್ದು ನಾನಲ್ಲ, ನಮ್ಮ ಟೀಮಿಗೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗ. ಆ ಬೇಜಾರಿಗೇ ಇದನ್ನ ಬರೀತಾ ಇದ್ದೀನಿ.

ಕೆಲಸ ಬಹಳ ಸರಳ. ಹಣ ಬಂದರೆ ಪ್ಲಸ್, ವಾಪಸ್ ಹೋದರೆ ಮೈನಸ್, ಹೀಗೆ ಮೊತ್ತಗಳ ಒಂದು ಉದ್ದ ಪಟ್ಟಿ. ಕೂಡಿಸಿದರೆ ಸೊನ್ನೆ ಆಗೋ ಜೋಡಿಗಳನ್ನೆಲ್ಲ ಹುಡುಕಿ ತೆಗೀಬೇಕು. ಆಮೇಲೆ ಗ್ರಾಹಕರ ನಂಬರ್ ತಾಳೆ ನೋಡೋದು ಬೇರೆ ಹಂತ, ಅದನ್ನ ಇಲ್ಲಿ ಬಿಡೋಣ. ಇಂಟರ್‌ವ್ಯೂಗೆ ಓದಿಕೊಂಡು ಹೋದವರಿಗೆಲ್ಲ ಇದು ಗೊತ್ತು: 'ಟೂ ಸಮ್'. ಲೀಟ್‌ಕೋಡಲ್ಲಿ ಮೊಟ್ಟಮೊದಲ ಪ್ರಶ್ನೆನೇ ಇದು. ಹುಡುಗ ಬರೆದಿದ್ದರ ಸಾರ ಇಷ್ಟು (ಒಂದೇ ಜೋಡಿ ಸಿಕ್ಕರೆ ಸಾಕು ಅನ್ನೋ ಸರಳ ರೂಪದಲ್ಲಿ ಕೊಡ್ತೀನಿ):

```python
def jodi(nums, target):
    for i in range(len(nums)):
        for j in range(i + 1, len(nums)):
            if nums[i] + nums[j] == target:
                return i, j
```

ತಪ್ಪೇನಿಲ್ಲ. ಉತ್ತರ ಸರಿಯಾಗೇ ಬರುತ್ತೆ. ಸಾವಿರ ಸಾಲಿನ ಪಟ್ಟಿ ಕೊಟ್ಟು ಟೆಸ್ಟ್ ಮಾಡಿದ, ಕಣ್ಣು ಮಿಟುಕಿಸೋದರೊಳಗೆ ಮುಗೀತು. "ಎರಡು ಲೂಪ್ ಇದೆ, ಪರವಾಗಿಲ್ವಾ ಅಣ್ಣಾ?" ಅಂತ ಅವನೇ ಕೇಳಿದ. ನಾನು ದೊಡ್ಡ ಮನುಷ್ಯನ ಥರ ಆ ಪವಿತ್ರ ವಾಕ್ಯ ಹೇಳಿ ಓಕೆ ಮಾಡಿದೆ.

ಮಾರ್ಚ್ ಕೊನೆಗೆ ಆರು ಲಕ್ಷ ಸಾಲು ಬಂತು. ರಾತ್ರಿ ಹನ್ನೊಂದಕ್ಕೆ ಫೋನ್: "ಅಣ್ಣಾ, ಇನ್ನೂ ಓಡ್ತಾನೇ ಇದೆ. ಹ್ಯಾಂಗ್ ಆಗಿದ್ಯಾ ಅಂತಾನೂ ಗೊತ್ತಾಗ್ತಿಲ್ಲ."

ಹ್ಯಾಂಗ್ ಆಗಿರಲಿಲ್ಲ. ಪಾಪ, ಮೆಶಿನ್ ಪ್ರಾಮಾಣಿಕವಾಗಿ ದುಡೀತಾ ಇತ್ತು. ಒಂದು ಕಾಗದ ತಗೊಂಡು ಲೆಕ್ಕ ಹಾಕಿದ್ದರೆ ಇದು ಮೊದಲೇ ಗೊತ್ತಾಗ್ತಿತ್ತು. n ಸಂಖ್ಯೆಗಳಿದ್ದರೆ ಜೋಡಿಗಳು n(n-1)/2. ಸಾವಿರ ಸಾಲಿಗೆ 4,99,500 ಜೋಡಿ. ನಮ್ಮ ಪೈಥಾನ್ ಲೂಪ್ ಸೆಕೆಂಡಿಗೆ ಸುಮಾರು ಒಂದೂವರೆ ಕೋಟಿ ಜೋಡಿ ನೋಡುತ್ತೆ ಅಂತ ಇಟ್ಟುಕೊಳ್ಳಿ. ಅಂದರೆ ಸೆಕೆಂಡಿನ ಮೂವತ್ತನೇ ಒಂದು ಭಾಗ. ಅದಕ್ಕೇ ಟೆಸ್ಟಲ್ಲಿ ಮಿಂಚಿನ ಹಾಗೆ ಓಡಿದ್ದು. ಆರು ಲಕ್ಷ ಸಾಲಿಗೆ? ಸುಮಾರು 18,000 ಕೋಟಿ ಜೋಡಿ! ಅದೇ ವೇಗದಲ್ಲಿ 12,000 ಸೆಕೆಂಡ್, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ. ಪಟ್ಟಿ ಆರುನೂರು ಪಟ್ಟು ಬೆಳೀತು, ಕೆಲಸ ಮೂರು ಲಕ್ಷ ಅರವತ್ತು ಸಾವಿರ ಪಟ್ಟು ಬೆಳೀತು. ನಮಗೆ ಎಲ್ಲಾ ಜೋಡಿಗಳೂ ಬೇಕಿತ್ತು, ಹಾಗಾಗಿ ಒಂದು ಸಿಕ್ಕ ತಕ್ಷಣ ನಿಲ್ಲಿಸೋ ಹಾಗೂ ಇರಲಿಲ್ಲ.

ಈಗ ಫಾಸ್ಟ್ ಮೆಶಿನ್ ಭಕ್ತರಿಗೆ ಒಂದು ಪ್ರಶ್ನೆ. ಎರಡು ಪಟ್ಟು ವೇಗದ ಮೆಶಿನ್ ತಂದ್ರಿ ಅನ್ನಿ. ಅಷ್ಟೇ ಸಮಯದಲ್ಲಿ ಎಷ್ಟು ದೊಡ್ಡ ಪಟ್ಟಿ ಮುಗಿಸಬಹುದು? ಎರಡು ಪಟ್ಟು ಅಲ್ಲ ಸ್ವಾಮಿ, ಬರೀ 1.41 ಪಟ್ಟು. ಆರು ಲಕ್ಷದ ಜಾಗದಲ್ಲಿ ಎಂಟೂವರೆ ಲಕ್ಷ ಸಾಲು, ಅಷ್ಟೇ. ಪಟ್ಟಿ ಎರಡು ಪಟ್ಟು ಆದರೆ ಕೆಲಸ ನಾಲ್ಕು ಪಟ್ಟು ಆಗುತ್ತೆ. ಮೆಶಿನ್ ಕೊಟ್ಟಿದ್ದನ್ನ ಡೇಟಾ ಬಡ್ಡಿ ಸಮೇತ ಕಿತ್ಕೊಳ್ಳುತ್ತೆ.

ಹಾಗಾದ್ರೆ ಏನು ಮಾಡಬೇಕು? ಪ್ರಶ್ನೆ ಬದಲಾಯಿಸಬೇಕು. ಎರಡು ಲೂಪಿನ ಕೋಡ್ ಕೇಳೋ ಪ್ರಶ್ನೆ "ಇವನ ಜೊತೆ ಇವನು ಹೊಂದ್ತಾನಾ? ಅವನು ಹೊಂದ್ತಾನಾ?" ಅಂತ. ಎಲ್ಲರ ಮನೆ ಬಾಗಿಲು ತಟ್ಟೋ ಕೆಲಸ. ಆದರೆ ಕೈಯಲ್ಲಿ 300 ಇದ್ದು ಮೊತ್ತ ಸೊನ್ನೆ ಆಗಬೇಕು ಅಂದರೆ ನನಗೆ ಬೇಕಾಗಿರೋದು -300 ಮಾತ್ರ. ಬೇರೆ ಯಾರೂ ಆಗಲ್ಲ. ಅಂದಮೇಲೆ ಎಲ್ಲರನ್ನೂ ಯಾಕೆ ಮಾತಾಡಿಸಬೇಕು? "-300 ನ ಈ ಮೊದಲೇ ನೋಡಿದ್ದೀನಾ?" ಅಂತ ಒಂದೇ ಪ್ರಶ್ನೆ ಕೇಳಿದರೆ ಮುಗೀತು.

```python
def jodi(nums, target):
    seen = {}
    for i, x in enumerate(nums):
        if target - x in seen:
            return seen[target - x], i
        seen[x] = i
```

ಕೈಯಲ್ಲೇ ಓಡಿಸಿ ನೋಡೋಣ. ಪಟ್ಟಿ: 700, 250, -300, 900, 300. ಮೊತ್ತ ಸೊನ್ನೆ ಆಗಬೇಕು. 700 ಬಂತು, -700 ನೋಡಿಲ್ಲ, 700 ನ ಬರೆದಿಟ್ಟೆ. 250 ಬಂತು, -250 ಇಲ್ಲ, ಬರೆದಿಟ್ಟೆ. -300 ಬಂತು, 300 ಇನ್ನೂ ಬಂದಿಲ್ಲ, ಬರೆದಿಟ್ಟೆ. 900 ಕ್ಕೂ ಅದೇ ಕಥೆ. ಕೊನೆಗೆ 300 ಬಂತು, -300 ಇದೆಯಾ? ಇದೆ, ಎರಡನೇ ಜಾಗದಲ್ಲಿ (ಸೊನ್ನೆಯಿಂದ ಎಣಿಸಿ). ಉತ್ತರ 2, 4. ಐದು ಸಂಖ್ಯೆ, ಐದು ಪ್ರಶ್ನೆ. ಎರಡು ಲೂಪಿನ ಕೋಡ್ ಇಲ್ಲಿ ಒಂಬತ್ತು ಜೋಡಿ ನೋಡಿರುತ್ತೆ. ಐದಕ್ಕೂ ಒಂಬತ್ತಕ್ಕೂ ಏನ್ ಮಹಾ ವ್ಯತ್ಯಾಸ ಅಂತೀರಾ? ಆರು ಲಕ್ಷ ಸಾಲಲ್ಲಿ ಅದು ಆರು ಲಕ್ಷ ಪ್ರಶ್ನೆಗೂ 18,000 ಕೋಟಿ ಜೋಡಿಗೂ ಇರೋ ವ್ಯತ್ಯಾಸ. ಎಲ್ಲಾ ಜೋಡಿ ಬೇಕಾದಾಗ ಒಂದೊಂದು ಮೊತ್ತದ ಎದುರಿಗೂ ಅದು ಬಂದ ಜಾಗಗಳ ಪಟ್ಟಿ ಇಟ್ಟುಕೊಂಡರೆ ಆಯ್ತು, ಉಪಾಯ ಇದೇ.

"ಅಲ್ರೀ, ಡಿಕ್ಷನರಿ ಒಳಗೆ ಹುಡುಕೋದಕ್ಕೂ ಟೈಮ್ ಬೇಕಲ್ವಾ? ಅಲ್ಲೂ ಒಂದು ಲೂಪ್ ಇರಬೇಕಲ್ಲ?" ಒಳ್ಳೇ ಪ್ರಶ್ನೆ. ಇದನ್ನ ಕೇಳದೇ "ಡಿಕ್ಷನರಿ ಅಂದ್ರೆ ಓ ಆಫ್ ಒನ್" ಅಂತ ಮಂತ್ರ ಒಪ್ಪಿಸೋರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ದೇವಸ್ಥಾನದ ಮುಂದೆ ಚಪ್ಪಲಿ ಬಿಡೋ ಜಾಗ ನೆನಪಿಸಿಕೊಳ್ಳಿ. ರಾಶಿಯಲ್ಲಿ ಬಿಟ್ಟು ಹೋದರೆ ವಾಪಸ್ ಬಂದು ಒಂದೊಂದೇ ಜೊತೆ ನೋಡಬೇಕು. ಟೋಕನ್ ಇದ್ದರೆ 47 ಅಂತ ಕೊಟ್ಟ ತಕ್ಷಣ ಆತ ಸೀದಾ 47 ನೇ ಗೂಡಿಗೆ ಕೈ ಹಾಕ್ತಾನೆ. ಐವತ್ತು ಜೊತೆ ಇರಲಿ, ಐದು ಸಾವಿರ ಇರಲಿ, ಕೈ ಹಾಕೋದು ಒಂದೇ ಸಲ. ಡಿಕ್ಷನರಿಯಲ್ಲಿ ಆ ಟೋಕನ್ ಸಂಖ್ಯೆಯಿಂದಲೇ ಹುಟ್ಟುತ್ತೆ, ಅದಕ್ಕೆ ಹ್ಯಾಶ್ ಅಂತ ಹೆಸರು. ಎರಡು ಸಂಖ್ಯೆ ಒಂದೇ ಗೂಡಿಗೆ ಬಂದರೆ ಇನ್ನೊಂದು ಗೂಡು ಹುಡುಕುತ್ತೆ. ಇಂಥ ಗಲಾಟೆ ಹೆಚ್ಚಾಗದ ಹಾಗೆ ಪೈಥಾನ್ ಮೂರರಲ್ಲಿ ಎರಡು ಭಾಗ ಗೂಡು ತುಂಬುತ್ತಿದ್ದಂತೆ ದೊಡ್ಡ ಕಪಾಟು ತಂದು ಎಲ್ಲವನ್ನೂ ಅಲ್ಲಿಗೆ ಸಾಗಿಸುತ್ತೆ. ಸಾಗಣೆಗೆ ಖರ್ಚಿದೆ, ಆದರೆ ಅದು ಅಪರೂಪಕ್ಕೆ ನಡೆಯೋದರಿಂದ ಎಲ್ಲರ ಮೇಲೆ ಹಂಚಿದರೆ ತಲಾ ಸ್ವಲ್ಪವೇ ಬೀಳುತ್ತೆ.

ಈ ಕಪಾಟಿನ ವಿಷಯ ಅರ್ಥ ಆಗದೇ ಇರೋರು ಮಾಡೋ ತಮಾಷೆ ನೋಡಿ:

```python
for i, x in enumerate(nums):
    if target - x in nums:
```

"ನೋಡಿ, ಒಂದೇ ಲೂಪ್!" ಅಂತ ಹೆಮ್ಮೆಯಿಂದ ತೋರಿಸ್ತಾರೆ. ಆದರೆ `nums` ಲಿಸ್ಟು, ಅಂದರೆ ಚಪ್ಪಲಿ ರಾಶಿ. ಆ `in` ಅನ್ನೋ ಎರಡಕ್ಷರದ ಹಿಂದೆ ಪೈಥಾನ್ ಮೊದಲಿಂದ ಕೊನೆವರೆಗೂ ಒಂದೊಂದೇ ನೋಡ್ತಾ ಹೋಗುತ್ತೆ. ಹೆಚ್ಚಿನ ಸಾಲುಗಳಿಗೆ ಜೋಡಿ ಇಲ್ಲದಿದ್ದರೆ ಆರು ಲಕ್ಷಕ್ಕೆ 36,000 ಕೋಟಿಯ ಹತ್ತಿರ ಹೋಲಿಕೆ. ಎರಡನೇ ಲೂಪ್ ಎಲ್ಲೂ ಹೋಗಿಲ್ಲ, ಪರದೆ ಹಿಂದೆ ಕೂತಿದೆ. ಕಂಡುಹಿಡಿಯೋದು ಸುಲಭ: ಪಟ್ಟಿಯನ್ನ ಎರಡು ಪಟ್ಟು ಮಾಡಿ ಟೈಮ್ ನೋಡಿ. ಸಮಯವೂ ಎರಡರಷ್ಟಾದರೆ ಸರಿ ಇದೆ. ನಾಲ್ಕರಷ್ಟಾದರೆ ಎಲ್ಲೋ ಒಂದು ಲೂಪ್ ಅಡಗಿದೆ. ಹತ್ತು ಸಾವಿರ, ಇಪ್ಪತ್ತು ಸಾವಿರ ಸಾಲಿನ ಎರಡು ಓಟ ಸಾಕು. ಆ ದಿನ ನಾನು ಇಷ್ಟು ಮಾಡಿಸಿದ್ದರೆ ಹುಡುಗ ಮನೇಲಿ ಮಲಗಿರ್ತಿದ್ದ.

ಇನ್ನೊಂದು ಎಡವಟ್ಟು. ಮೊದಲು ಹುಡುಕಿ, ಆಮೇಲೆ ಬರೆದಿಡಬೇಕು. ಈ ಎರಡು ಸಾಲು ಅದಲುಬದಲಾದರೆ ಸಂಖ್ಯೆ ತನಗೆ ತಾನೇ ಜೋಡಿ ಆಗಿಬಿಡುತ್ತೆ. ನಮ್ಮ ಪಟ್ಟಿಯಲ್ಲಿ ಸೊನ್ನೆ ರೂಪಾಯಿಯ ಸಾಲುಗಳಿದ್ದವು. ಸೊನ್ನೆಗೆ ಬೇಕಾದ ಜೋಡಿ ಸೊನ್ನೆ. ತಾನೇ ಬರೆದಿಟ್ಟದ್ದನ್ನ ತಾನೇ ನೋಡಿ "ಸಿಕ್ತು!" ಅಂತ ಕುಣಿಯುತ್ತೆ. ವೇಗವಾಗಿ ಬರೋ ತಪ್ಪು ಉತ್ತರ ತಡವಾಗಿ ಬರೋ ಸರಿ ಉತ್ತರಕ್ಕಿಂತ ಕೆಟ್ಟದ್ದು.

ಡಿಕ್ಷನರಿ ಪುಕ್ಕಟೆ ಅಂತ ನಾನು ಹೇಳ್ತಿಲ್ಲ. ಮೆಮೊರಿ ಕೊಡಬೇಕು: ಆರು ಲಕ್ಷ ಕೀಗಳಿಗೆ ಕಪಾಟಿಗೇ ಸುಮಾರು 20 ಎಂಬಿ. ಹತ್ತು ಸಂಖ್ಯೆಯ ಪಟ್ಟಿಗೆ ಇರೋದೇ 45 ಜೋಡಿ, ಅಲ್ಲಿ ಎರಡು ಲೂಪೇ ಗೆದ್ದರೂ ಆಶ್ಚರ್ಯ ಇಲ್ಲ. ಪಟ್ಟಿ ಯಾವತ್ತೂ ಅಷ್ಟೇ ಇರುತ್ತೆ ಅನ್ನೋದು ಖಾತ್ರಿ ಇದ್ದರೆ ಧಾರಾಳವಾಗಿ ಬರೀರಿ. ಇನ್ನು ಎಲ್ಲಾ ಕೀಗಳೂ ಒಂದೇ ಗೂಡಿಗೆ ಬಂದು ಬಿದ್ದರೆ ಟೋಕನ್ ವ್ಯವಸ್ಥೆ ಮತ್ತೆ ಚಪ್ಪಲಿ ರಾಶಿನೇ. ಇದು ಬರೀ ಪುಸ್ತಕದ ಮಾತಲ್ಲ. 2011 ರ ಡಿಸೆಂಬರಲ್ಲಿ ಬರ್ಲಿನ್‌ನಲ್ಲಿ ನಡೆದ 28ಸಿ3 ಸಮ್ಮೇಳನದಲ್ಲಿ ಅಲೆಕ್ಸಾಂಡರ್ ಕ್ಲಿಂಕ್ ಮತ್ತು ಜೂಲಿಯನ್ ವೆಲ್ಡೆ, ಬೇಕಂತಲೇ ಒಂದೇ ಗೂಡಿಗೆ ಬೀಳೋ ಕೀಗಳನ್ನ ಕಳಿಸಿ ವೆಬ್ ಸರ್ವರ್‌ಗಳನ್ನ ಮಕಾಡೆ ಮಲಗಿಸಬಹುದು ಅಂತ ತೋರಿಸಿದರು. ಅದರ ನಂತರ 2012 ರಲ್ಲಿ ಬಂದ ಪೈಥಾನ್ 3.3 ರಿಂದ ಸ್ಟ್ರಿಂಗ್‌ಗಳ ಹ್ಯಾಶ್ ಪ್ರತಿ ಓಟಕ್ಕೂ ಬದಲಾಗೋ ಹಾಗೆ ಮಾಡಿದರು. ಪೂರ್ಣಾಂಕಗಳ ಹ್ಯಾಶಿಗೆ ಆ ರಕ್ಷಣೆ ಇಲ್ಲ. ಹಾಗಾಗಿ "ಓ ಆಫ್ ಒನ್" ಅನ್ನುವಾಗ 'ಸರಾಸರಿಯಲ್ಲಿ' ಅನ್ನೋ ಪದ ನುಂಗಬೇಡಿ. ನಮ್ಮ ಲೆಕ್ಕಪತ್ರದ ಸಾಲುಗಳನ್ನ ಯಾರೂ ಹೀಗೆ ಹೊಂಚು ಹಾಕಿ ಬರೆದಿರಲಿಲ್ಲ, ಸರಾಸರಿ ಸಾಕಾಗಿತ್ತು.

ಆ ರಾತ್ರಿ ಓಡ್ತಿದ್ದ ಕೋಡನ್ನ ನಿಲ್ಲಿಸಿ, ಹುಡುಗನಿಗೆ ಫೋನಲ್ಲೇ ಹೇಳಿ ಬರೆಸಿದೆ. ಎಂಟು ಹತ್ತು ಸಾಲು ಬದಲಾಯ್ತು. ಹೊಸದು ಓಡೋಕೆ ತಗೊಂಡಿದ್ದು ಕೆಲವೇ ಸೆಕೆಂಡ್, ಅದರಲ್ಲೂ ಹೆಚ್ಚಿನದು ಫೈಲ್ ಓದೋಕೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು "ಇಷ್ಟೇನಾ ಅಣ್ಣಾ? ಮತ್ತೆ ಅವತ್ತು ಪರವಾಗಿಲ್ಲ ಅಂದ್ರಿ?" ಅಂದ.

ಅದೇ ಮೆಶಿನ್, ಅದೇ ಆರು ಲಕ್ಷ ಸಾಲು. ಅವತ್ತು ನಿಧಾನ ಇದ್ದಿದ್ದು ಮೆಶಿನ್ ಅಲ್ಲ, ನಾನು. ಮುಂದಿನ ಸಲ ಯಾರಾದ್ರೂ "ಫಾಸ್ಟ್ ಇದೆ ಬಿಡಪ್ಪ" ಅಂದರೆ ಒಂದು ಕಾಗದ ಕೊಟ್ಟು n(n-1)/2 ಬರೆಸಿ, n ಜಾಗದಲ್ಲಿ ಮಾರ್ಚ್ ತಿಂಗಳ ಸಂಖ್ಯೆ ಹಾಕಿಸಿ. ಆಮೇಲೆ ರಾತ್ರಿ ಆಫೀಸಲ್ಲಿ ಯಾರು ಕೂರ್ತಾರೆ ಅಂತಾನೂ ಕೇಳಿ.