ದರ್ಶನದ ಚಿತ್ರದ ಕೆಳಗೆ ವೈದ್ಯದ ಪ್ರಶ್ನೆ

ಶರಾವತಿಯ ಹಿನ್ನೀರು, ಲಾಂಚು, 2025ರಲ್ಲಿ ತೆರೆದ ಹೊಸ ಸೇತುವೆ, ಇವನ್ನೆಲ್ಲ ಚಿತ್ರಿಸಿ ಯೂಟ್ಯೂಬಿಗೆ ಹಾಕುವ ಹವ್ಯಾಸ ನಮ್ಮ ವಿದ್ಯಾರ್ಥಿ ಮಿತ್ರರಲ್ಲಿಯೂ ಕೆಲವರಿಗುಂಟು. ಸಿಗಂದೂರಿನ ಚಿತ್ರವೆಂದ ಮೇಲೆ ನೋಡುಗರು ದಾರಿಯನ್ನು ಮಾತ್ರ ಕೇಳುವುದಿಲ್ಲ. “ಅಣ್ಣಾ, ನಮ್ಮ ತಂದೆಗೆ ಜ್ವರ ಬಿಡುತ್ತಿಲ್ಲ, ತಾಯಿಗೆ ಯಾವ ಹರಕೆ ಹೊತ್ತರೆ ವಾಸಿಯಾದೀತು?” ಎಂದೂ ಕೇಳುತ್ತಾರೆ.

“ಖಂಡಿತ ವಾಸಿಯಾಗುತ್ತದೆ” ಎಂದು ಬರೆದುಬಿಡುವುದು ತಪ್ಪೆಂದು ಬಹುಮಂದಿ ಬಲ್ಲರು. ಆದರೆ “ಹರಕೆ ಹೊತ್ತ ಮೂರನೆಯ ದಿನ ಜ್ವರ ಬಿಟ್ಟಿತು” ಎಂದು ಯಾರೋ ಬರೆದುದನ್ನು ಎಲ್ಲಕ್ಕಿಂತ ಮೇಲೆ ನಿಲ್ಲಿಸಿ, ಅದಕ್ಕೊಂದು ಹೃದಯದ ಗುರುತು ಹಾಕುವುದೂ ಅದೇ ತಪ್ಪೆಂಬುದು ಅವರಿಗೆ ಹೊಳೆಯುವುದಿಲ್ಲ. ಮಾತು ಪರರದಾದರೂ ಅದನ್ನು ಮೇಲಿಟ್ಟ ಕೈ ನಮ್ಮದು.

ನಮ್ಮ ಸೀಮೆಯಲ್ಲಿ ಇದರ ಅಪಾಯ ಎಷ್ಟೆಂಬುದಕ್ಕೆ ಮಂಗನ ಕಾಯಿಲೆಯನ್ನೇ ನೋಡಬಹುದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಈ ರೋಗ 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಉಣುಗು ಕಚ್ಚಿದ ಕೆಲವು ದಿನಗಳಲ್ಲಿ ಜ್ವರ, ತಲೆನೋವು, ಮೈಕೈನೋವು ಒಮ್ಮೆಲೇ ಏರುತ್ತವೆ. ಒಂದೆರಡು ವಾರಗಳಲ್ಲಿ ಜ್ವರ ತಾನಾಗಿಯೇ ಇಳಿಯುತ್ತದೆ. ಹರಕೆ ಹೊತ್ತವನಿಗೂ ಇಳಿಯುತ್ತದೆ, ಹೊರದವನಿಗೂ ಇಳಿಯುತ್ತದೆ. ಆದರೆ ಕೆಲವರಲ್ಲಿ ಒಂದೆರಡು ವಾರ ಕಳೆದು ಜ್ವರ ಮರಳಿ ಬಂದು, ತೀವ್ರ ತಲೆನೋವು, ನಡುಕ, ಬುದ್ಧಿಭ್ರಮಣೆಗಳು ತೋರುತ್ತವೆ. ಕೃತಜ್ಞತೆಯ ಮಾತು ಬರೆದದ್ದು ಈ ನಡುವಿನ ಬಿಡುವಿನಲ್ಲಾಗಿದ್ದರೆ? ಅದನ್ನು ಓದಿದ ಮತ್ತೊಬ್ಬನು ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಉಳಿದರೆ?

ಹಾಗೆಂದು ಕೇಳಿದವರನ್ನು ಮೂಢರೆಂದು ಹೀಗಳೆಯುವುದೂ ಸಲ್ಲದು, ಮೌನವೂ ಸಾಲದು. ನಾನಾದರೆ ಹೀಗೆ ಬರೆಯುವೆ: “ಪೂಜೆ ನಿಮ್ಮ ನಂಬಿಕೆಗೆ ಬಿಟ್ಟದ್ದು. ರೋಗ ಗುಣವಾಗುತ್ತದೆಂದು ನಾನು ಹೇಳಲಾರೆ. ತಂದೆಯವರನ್ನು ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಕಾಡಿಗೆ ಹೋಗಿದ್ದರೆ ವೈದ್ಯರಿಗೆ ತಿಳಿಸಿ, ಜ್ವರ ಇಳಿದರೂ ಎರಡು ವಾರ ಗಮನವಿಡಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ 108ಕ್ಕೆ ಕರೆಮಾಡಿ.” ಔಷಧದ ಹೆಸರು ಬೇಡ, ಕಷಾಯದ ಅಳತೆಯೂ ಬೇಡ.

ಉದ್ಯೋಗ, ವಿವಾಹಗಳ ಭವಿಷ್ಯ ಕೇಳಿದವರಿಗೆ “ನಾನು ಜ್ಯೋತಿಷ್ಯ ಹೇಳುವವನಲ್ಲ, ಜನ್ಮದಿನಾಂಕವನ್ನು ಇಲ್ಲಿ ಬರೆಯಬೇಡಿ” ಎಂದರೆ ಸಾಕು. ಅಂಥ ಪ್ರಶ್ನೆಯ ಅಡಿಯಲ್ಲಿ “ಗುರೂಜಿ”ಗಳ ದೂರವಾಣಿ ಸಂಖ್ಯೆಗಳು ಬಂದು ಕೂರುತ್ತವೆ. ಚಿತ್ರ ಹಾಕಿದವನು ಅವನ್ನು ಅಳಿಸದಿದ್ದರೆ ಮೋಸಕ್ಕೆ ತಾನೇ ಜಾಗ ಕೊಟ್ಟಂತೆ.

ಭಕ್ತಿಯ ವಿಷಯಕ್ಕೆ ಕಾನೂನೇಕೆ ಎನ್ನುವವರಿದ್ದಾರೆ. ಭಕ್ತಿಗೆ ಅದು ಅಡ್ಡಬರುವುದಿಲ್ಲ. ರೋಗ ಗುಣಪಡಿಸುವ ಪವಾಡಶಕ್ತಿಯುಂಟೆಂದು ತಾಯಿತ, ಮಂತ್ರ, ಕವಚಗಳ ಜಾಹೀರಾತು ಮಾಡುವುದನ್ನು 1954ರ ಕೇಂದ್ರ ಕಾಯಿದೆಯೇ ನಿಷೇಧಿಸಿದೆ. ಸೇತುವೆಯನ್ನು ತೋರಿಸಿ, ಹಿನ್ನೀರನ್ನು ತೋರಿಸಿ, ದರ್ಶನದ ವೇಳೆಯನ್ನು ತಿಳಿಸಿ. ಇವುಗಳಿಗೆ ಕಣ್ಣು ಕಂಡ ಆಧಾರವಿದೆ.